ವಿಮಾನ ರದ್ದಾದರೆ ಲಿಂಕ್ ಒತ್ತುವ ಮುನ್ನ: ಕಲಬುರಗಿ, ಬೀದರ್, ಯಾದಗಿರಿ ಪ್ರಯಾಣಿಕರಿಗೆ

ನಮ್ಮ ಭಾಗದವರಿಗೆ ವಿಮಾನ ರದ್ದಾಗುವುದೆಂದರೆ ಬೆಂಗಳೂರಿನವರಿಗೆ ಆದಂತಲ್ಲ. ಕಲಬುರಗಿಯಲ್ಲಿ ಶ್ರೀನಿವಾಸ ಸರಡಗಿಯ ಬಳಿಯ ವಿಮಾನ ನಿಲ್ದಾಣ 2019ರ ನವೆಂಬರಿನಲ್ಲಿ ಆರಂಭವಾಯಿತು, ಬೀದರಿನ ಟರ್ಮಿನಲ್ 2020ರ ಫೆಬ್ರವರಿಯಲ್ಲಿ. ಎರಡೂ ಕಡೆ ಸೇವೆ ಬಂದಿದೆ, ನಿಂತಿದೆ. ಇದ್ದ ದಿನಗಳಲ್ಲೂ ದಿನಕ್ಕೊಂದೋ ಎರಡೋ ವಿಮಾನ. ಹೀಗಾಗಿ ದೆಹಲಿ, ಮುಂಬೈ, ಕೋಲ್ಕತ್ತಕ್ಕೆ ಹೋಗುವವರು ಹುಮನಾಬಾದ್, ಜಹೀರಾಬಾದ್ ದಾಟಿ ಅಥವಾ ವಾಡಿ, ತಾಂಡೂರು ಮಾರ್ಗದ ರೈಲು ಹಿಡಿದು ಹೈದರಾಬಾದಿನ ಶಂಷಾಬಾದಿಗೆ ಹೋಗುತ್ತಾರೆ. ವಿಮಾನ ರದ್ದಾದರೆ ಅಷ್ಟು ದೂರ ಹಿಂದಿರುಗಿ ಮರುದಿನ ಮತ್ತೆ ಬರುವುದು ಆಗದ ಮಾತು. ಸಾಮಾನು ಕೈಯಲ್ಲಿ, ಊರು ಇನ್ನೂರು ಕಿಲೋಮೀಟರ್ ಹಿಂದೆ. ಆ ಗಳಿಗೆಯಲ್ಲಿ ಮೊಬೈಲಿಗೆ ಬಂದ ಸಂದೇಶದ ಲಿಂಕನ್ನು ಗಾಬರಿಯಲ್ಲಿ ಒತ್ತಿಬಿಡುವವರೇ ಹೆಚ್ಚು. ಹಣ ಕೈತಪ್ಪುವುದು ಬಹುತೇಕ ಅಲ್ಲೇ.

ಇಲ್ಲಿ ಹೇಳುವುದು ಮುಖ್ಯವಾಗಿ ದೇಶದೊಳಗಿನ ವಿಮಾನ, ಹೊರಡುವ 24 ಗಂಟೆಯೊಳಗೆ ರದ್ದಾದ ಸಂದರ್ಭದ ಬಗ್ಗೆ. ಎರಡು ವಾರಕ್ಕೂ ಮುಂಚೆ ಅಥವಾ ಕನಿಷ್ಠ 24 ಗಂಟೆ ಮುಂಚೆ ಕಂಪನಿ ತಿಳಿಸಿದ್ದರೆ ವಿಷಯ ಸರಳ. ಒಪ್ಪಿಗೆಯಾಗುವ ಬೇರೆ ವಿಮಾನ ಕೇಳಬಹುದು ಅಥವಾ ಪೂರ್ತಿ ಹಣ ವಾಪಸ್ ಪಡೆಯಬಹುದು. ಪರಿಹಾರ ಸಿಗುವುದಿಲ್ಲ.

ನಿಯಮ ಏನು ಹೇಳುತ್ತದೆ

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಹೊರಡಿಸಿರುವ ನಿಯಮಾವಳಿಯಲ್ಲಿ ಸೆಕ್ಷನ್ 3, ಸೀರೀಸ್ ಎಂ, ಪಾರ್ಟ್ 4 ಎಂಬ ಭಾಗವಿದೆ. ವಿಮಾನ ರದ್ದು, ವಿಳಂಬ, ಟಿಕೆಟ್ ಇದ್ದೂ ಹತ್ತಿಸಿಕೊಳ್ಳದಿರುವುದು, ಈ ಮೂರಕ್ಕೂ ಅದೇ ಆಧಾರ. ಕೌಂಟರಿನಲ್ಲಿ ಆ ಹೆಸರು ಹೇಳಿದರೆ ಮಾತಿನ ಧಾಟಿ ಬದಲಾಗುತ್ತದೆ.

ಅದರ ಪ್ರಕಾರ ಹೊರಡುವ 24 ಗಂಟೆಯೊಳಗೆ ರದ್ದಾದರೆ ಕಂಪನಿಯ ಮುಂದೆ ಎರಡು ದಾರಿಗಳಿವೆ. ಒಂದು, ಪ್ರಯಾಣಿಕ ಒಪ್ಪುವಂಥ ಬದಲಿ ವಿಮಾನ ಕೊಡುವುದು. ಇನ್ನೊಂದು, ಟಿಕೆಟಿನ ಪೂರ್ತಿ ಹಣ ಹಿಂದಿರುಗಿಸಿ, ಅದರ ಮೇಲೆ ಪರಿಹಾರವನ್ನೂ ಕೊಡುವುದು. ನಡುವೆ ಇರುವುದು ‘ಅಥವಾ’. ಬದಲಿ ವಿಮಾನ ಒಪ್ಪಿಕೊಂಡು ಅದರಲ್ಲಿ ಹೋದವರಿಗೆ ಪರಿಹಾರ ಕೊಡಬೇಕಿಲ್ಲ ಎಂದು ಕಂಪನಿಗಳು ವಾದಿಸುವುದು ಈ ಒಂದು ಪದದ ಬಲದಿಂದ. ಸಂದೇಶದ ಲಿಂಕಿನಲ್ಲಿ ‘ಹೊಸ ವಿಮಾನ ಒಪ್ಪಿದ್ದೇನೆ’ ಎಂಬ ಗುಂಡಿ ದೊಡ್ಡದಾಗಿ ಕಾಣುತ್ತದೆ, ಹಣ ವಾಪಸಿನದು ಕೆಳಗೆ ಸಣ್ಣದಾಗಿರುತ್ತದೆ. ಪರಿಹಾರದ ಗುಂಡಿಯನ್ನು ನಾನಂತೂ ಎಲ್ಲೂ ಕಂಡಿಲ್ಲ.

ಪರಿಹಾರದ ಮೊತ್ತದ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ವಾಟ್ಸ್‌ಆ್ಯಪಿನಲ್ಲಿ ಓಡಾಡುವ ಸಂದೇಶಗಳು ‘ಹತ್ತು ಸಾವಿರ ಸಿಗುತ್ತದೆ’ ಎನ್ನುತ್ತವೆ. ಅದು ಗರಿಷ್ಠ ಮಿತಿ ಮಾತ್ರ. ಹಾರಾಟದ ಅವಧಿ ಒಂದು ಗಂಟೆಯವರೆಗೆ ಇದ್ದರೆ 5,000 ರೂಪಾಯಿ, ಒಂದರಿಂದ ಎರಡು ಗಂಟೆ ಇದ್ದರೆ 7,500, ಎರಡು ಗಂಟೆ ಮೀರಿದರೆ 10,000. ಆದರೆ ಈ ಮೊತ್ತ ಮತ್ತು ನಿಮ್ಮ ಟಿಕೆಟಿನ ಒಂದು ಕಡೆಯ ಮೂಲ ದರಕ್ಕೆ ಇಂಧನ ಶುಲ್ಕ ಸೇರಿಸಿದ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕೊಟ್ಟರೆ ಸಾಕು. ಅವಧಿಯನ್ನು ಟಿಕೆಟಿನಲ್ಲಿ ಅಚ್ಚಾದ ಹೊರಡುವ ಮತ್ತು ತಲುಪುವ ಸಮಯದಿಂದ ಲೆಕ್ಕ ಹಾಕಬೇಕು. ಗಾಳಿಯಲ್ಲಿ ಇದ್ದ ಹೊತ್ತಿನಿಂದಲ್ಲ.

ಮೊದಲ ಹೆಜ್ಜೆ: ಹತ್ತು ನಿಮಿಷ ಏನನ್ನೂ ಒಪ್ಪಬೇಡಿ

ಸಂದೇಶ ಬಂದ ಕೂಡಲೇ ಅದರ ಚಿತ್ರ ತೆಗೆದಿಟ್ಟುಕೊಳ್ಳಿ. ಬಂದ ಸಮಯ ಕಾಣುವಂತಿರಲಿ. ರದ್ದಾದ ವಿಷಯ ಎಷ್ಟು ಹೊತ್ತಿಗೆ ತಿಳಿಯಿತು ಎಂಬುದರ ಮೇಲೆಯೇ 24 ಗಂಟೆಯ ಲೆಕ್ಕ ನಿಂತಿದೆ. ನಂತರ ಕಂಪನಿಯ ಆ್ಯಪಿನಲ್ಲೋ ವೆಬ್‌ಸೈಟಿನಲ್ಲೋ ಪಿಎನ್‌ಆರ್ ಹಾಕಿ ವಿಮಾನ ನಿಜವಾಗಿಯೂ ರದ್ದಾಗಿದೆಯೇ ನೋಡಿ. ಗೂಗಲ್‌ನಲ್ಲಿ ಹುಡುಕಿ ಸಿಕ್ಕ ‘ಗ್ರಾಹಕ ಸೇವಾ’ ಸಂಖ್ಯೆಗೆ ಕರೆ ಮಾಡಬೇಡಿ. ವಿಮಾನಗಳು ಸಾಲಾಗಿ ರದ್ದಾಗುವ ದಿನಗಳು ಮೋಸಗಾರರಿಗೆ ಸುಗ್ಗಿ. ಹಣ ವಾಪಸ್ ಮಾಡುತ್ತೇವೆಂದು ಹೇಳಿ ಮೊಬೈಲಿನ ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸುತ್ತಾರೆ. ಟಿಕೆಟಿನ ಮೇಲೆ ಇರುವ ಸಂಖ್ಯೆ ಅಥವಾ ಕಂಪನಿಯ ಆ್ಯಪಿನೊಳಗಿನ ಸಂಖ್ಯೆ ಮಾತ್ರ ಬಳಸಿ.

ಇನ್ನೊಂದು ವಿಷಯವನ್ನು ಟಿಕೆಟ್ ಮಾಡಿಸುವ ದಿನವೇ ನೋಡಿಕೊಳ್ಳಬೇಕು. ನಮ್ಮ ಕಡೆ ಹಲವರು ಊರಿನ ಏಜೆಂಟರ ಬಳಿ ಟಿಕೆಟ್ ಮಾಡಿಸುತ್ತಾರೆ. ಕೆಲವು ಏಜೆಂಟರು ಪ್ರಯಾಣಿಕರ ಮೊಬೈಲ್ ಸಂಖ್ಯೆಯ ಜಾಗದಲ್ಲಿ ತಮ್ಮದೇ ಸಂಖ್ಯೆ ಹಾಕುತ್ತಾರೆ. ರದ್ದಾದ ಸಂದೇಶ ರಾತ್ರಿ ಅವರ ಮೊಬೈಲಿಗೆ ಹೋಗುತ್ತದೆ, ಅವರು ಮಲಗಿರುತ್ತಾರೆ. ನಷ್ಟ ಅಲ್ಲಿಗೆ ಮುಗಿಯುವುದಿಲ್ಲ. ಟಿಕೆಟ್ ಮಾಡಿಸುವಾಗ ಸರಿಯಾದ ಸಂಪರ್ಕ ವಿವರ ಕೊಡದ ಪ್ರಯಾಣಿಕನಿಗೆ ಪರಿಹಾರ ಕೊಡಬೇಕಿಲ್ಲ ಎಂದು ನಿಯಮವೇ ಹೇಳುತ್ತದೆ. ಏಜೆಂಟರಿಗೆ ನೇರವಾಗಿ ಹೇಳಿ: ‘ಅಣ್ಣಾ, ನನ್ನ ನಂಬರ್, ನನ್ನ ಇಮೇಲ್ ಹಾಕಿ.’ ಟಿಕೆಟ್ ಬಂದ ಮೇಲೆ ಕಂಪನಿಯ ಆ್ಯಪಿನಲ್ಲಿ ಪಿಎನ್‌ಆರ್ ತೆರೆದು ಯಾವ ಸಂಖ್ಯೆ ಇದೆ ಎಂದು ನೋಡಿ. ಬೇರೆಯದಾಗಿದ್ದರೆ ಅಂದೇ ಬದಲಿಸಿಕೊಳ್ಳಿ.

ಎರಡನೆಯ ಹೆಜ್ಜೆ: ರದ್ದಾದದ್ದು ಏಕೆ

ಹಣದ ಲೆಕ್ಕವೆಲ್ಲ ಕಾರಣದ ಮೇಲೆ ನಿಂತಿದೆ. ಹವಾಮಾನ, ವಾಯು ಸಂಚಾರ ನಿಯಂತ್ರಣದ ತಡೆ, ಭದ್ರತಾ ಅಪಾಯ, ಪ್ರವಾಹ, ಗಲಭೆ, ಸರ್ಕಾರದ ಆದೇಶ, ಮುಷ್ಕರ ಮುಂತಾದ ಕಂಪನಿಯ ಕೈಮೀರಿದ ಕಾರಣಗಳಿದ್ದರೆ ಪರಿಹಾರ ಕೊಡಬೇಕಿಲ್ಲ. ಡಿಸೆಂಬರ್, ಜನವರಿಯಲ್ಲಿ ದೆಹಲಿಯ ಮಂಜಿಗೆ ವಿಮಾನ ರದ್ದಾದರೆ ಪರಿಹಾರದ ಆಸೆ ಬಿಡಬೇಕು. ಆದರೆ ಬದಲಿ ವಿಮಾನ ಅಥವಾ ಪೂರ್ತಿ ಹಣ ಆಗಲೂ ಸಿಗಬೇಕು. ವಿಮಾನ ನಿಲ್ದಾಣಕ್ಕೆ ಬಂದು ಹಾಜರಾದವರಿಗೆ ಊಟ, ಉಪಾಹಾರವನ್ನೂ ಕೊಡಬೇಕು. ‘ಮಂಜು ಸಾರ್, ಏನೂ ಸಿಗುವುದಿಲ್ಲ’ ಎಂದು ಕೌಂಟರಿನ ಹುಡುಗ ಹೇಳಿದರೆ ಅದು ಅರ್ಧ ಸತ್ಯ.

ತಾಂತ್ರಿಕ ತೊಂದರೆ, ಪೈಲಟ್ ಇಲ್ಲ, ಹಿಂದಿನ ವಿಮಾನ ಬರಲಿಲ್ಲ, ‘ಕಾರ್ಯಾಚರಣೆಯ ಕಾರಣ’ ಎಂಬಂಥವು ಬೇರೆ. ಈ ಕೊನೆಯ ಮಾತು ಯಾವ ಅರ್ಥವನ್ನೂ ಕೊಡದಂತೆ ಜಾಣತನದಿಂದ ಹೆಣೆದದ್ದು. 2025ರ ಡಿಸೆಂಬರ್ ಮೊದಲ ದಿನಗಳಲ್ಲಿ ಇಂಡಿಗೋದ ಸಾವಿರಾರು ವಿಮಾನಗಳು ರದ್ದಾದವು. ಪೈಲಟ್‌ಗಳ ಕರ್ತವ್ಯದ ಅವಧಿ ಮತ್ತು ವಿಶ್ರಾಂತಿಯ ಹೊಸ ನಿಯಮಕ್ಕೆ ತಕ್ಕಂತೆ ಸಿಬ್ಬಂದಿ ಹೊಂದಿಸಿಕೊಳ್ಳದಿದ್ದದ್ದು ಅದಕ್ಕೆ ಮುಖ್ಯ ಕಾರಣವಾಗಿತ್ತು. 24 ಗಂಟೆಯೊಳಗೆ ರದ್ದಾದವರಿಗೆ ಹಾರಾಟದ ಅವಧಿಯ ಪ್ರಕಾರ 5,000ದಿಂದ 10,000 ರೂಪಾಯಿವರೆಗೆ ಪರಿಹಾರ ಕೊಡುವುದಾಗಿ ಕಂಪನಿ ಆಗ ಪ್ರಕಟಿಸಿತು. ಸಿಬ್ಬಂದಿಯ ಕೊರತೆಯನ್ನು ದೇವರ ತಲೆಗೆ ಕಟ್ಟುವಂತಿಲ್ಲ ಎಂಬುದಕ್ಕೆ ಅದೊಂದು ನೆನಪಿನಲ್ಲಿಡಬೇಕಾದ ನಿದರ್ಶನ.

ಕಾರಣ ನಿಜವೋ ನೆಪವೋ ಎಂದು ನೀವೇ ಸ್ವಲ್ಪಮಟ್ಟಿಗೆ ಪರೀಕ್ಷಿಸಬಹುದು. ಹವಾಮಾನ ಎಂದರೆ, ಅದೇ ಹೊತ್ತಿನಲ್ಲಿ ಅದೇ ಊರಿಗೆ ಬೇರೆ ಕಂಪನಿಗಳ ವಿಮಾನಗಳು ಹೊರಟಿವೆಯೇ ಎಂದು ನಿಲ್ದಾಣದ ಫಲಕದಲ್ಲಿ ನೋಡಿ, ಫಲಕದ ಫೋಟೊ ತೆಗೆಯಿರಿ. ಮುಂಚಿನ ಒಂದು ಗಂಟೆ ಮತ್ತು ಮುಂದಿನ ಒಂದು ಗಂಟೆಯ ಸಾಲುಗಳು ಅದರಲ್ಲಿರಲಿ. ನಾಲ್ಕು ಕಂಪನಿಯವರು ಹಾರಿ ನಿಮ್ಮದೊಂದೇ ನಿಂತಿದ್ದರೆ ಹವಾಮಾನದ ವಾದಕ್ಕೆ ಬಲವಿಲ್ಲ. ಕೌಂಟರಿನಲ್ಲಿ ಕಾರಣವನ್ನು ಬರೆದುಕೊಡಿ ಎಂದು ಕೇಳಿ. ವಿಮಾನ ರದ್ದಾದ ಪ್ರಮಾಣಪತ್ರವನ್ನು ಕೇಳಿದರೆ ಹಲವು ಕಂಪನಿಗಳು ಇಮೇಲಿಗೆ ಕಳಿಸುತ್ತವೆ. ಅದರಲ್ಲಿ ಬರೆದ ಕಾರಣವನ್ನು ಮುಂದೆ ಬದಲಿಸುವುದು ಅವರಿಗೆ ಕಷ್ಟ.

ಮೂರನೆಯ ಹೆಜ್ಜೆ: ಬದಲಿ ವಿಮಾನವೋ, ಹಣವೋ

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಶಹಾಪುರದ ಗಂಡ ಹೆಂಡತಿ, ಮಗಳ ಮನೆಯ ಗೃಹಪ್ರವೇಶಕ್ಕೆ ದೆಹಲಿಗೆ ಹೊರಟಿದ್ದಾರೆ. ಪ್ರವೇಶ ಮರುದಿನ ಬೆಳಗ್ಗೆ. ಯಾದಗಿರಿಯಿಂದ ಹಿಂದಿನ ಸಂಜೆ ರೈಲು ಹತ್ತಿ ಹೈದರಾಬಾದಿಗೆ ಬಂದು, ಬೆಳಗಿನ ಜಾವ ಟ್ಯಾಕ್ಸಿ ಹಿಡಿದು ಶಂಷಾಬಾದಿನ ಹಾದಿಯಲ್ಲಿದ್ದಾರೆ. ವಿಮಾನ 6:10ಕ್ಕೆ, ದೆಹಲಿ ತಲುಪುವುದು 8:25ಕ್ಕೆ. ಬೆಳಗಿನ ಜಾವ 3:10ಕ್ಕೆ ಸಂದೇಶ ಬಂತು: ವಿಮಾನ ರದ್ದು, ನಿಮ್ಮನ್ನು ನಾಳೆ 6:10ರ ವಿಮಾನಕ್ಕೆ ಹಾಕಿದ್ದೇವೆ, ಒಪ್ಪಿಗೆಯಿದ್ದರೆ ಇಲ್ಲಿ ಒತ್ತಿ.

ಯಜಮಾನರು ದೆಹಲಿಯ ಮಗಳಿಗೆ ಕರೆ ಮಾಡುತ್ತಾರೆ. ಅವಳು ‘ಅಪ್ಪಾ, ಏನೂ ಒತ್ತಬೇಡಿ, ಟಿಕೆಟಿನ ಎರಡನೇ ಪುಟದ ಫೋಟೊ ಕಳಿಸಿ’ ಎನ್ನುತ್ತಾಳೆ. ಎರಡನೇ ಪುಟದಲ್ಲಿ ದರದ ವಿವರವಿದೆ. ಒಬ್ಬರಿಗೆ ಮೂಲ ದರ 4,350, ಇಂಧನ ಶುಲ್ಕ 300, ಬಳಕೆದಾರ ಶುಲ್ಕ, ಭದ್ರತಾ ಶುಲ್ಕ, ಜಿಎಸ್‌ಟಿ ಎಲ್ಲ ಸೇರಿ 990, ಒಟ್ಟು 5,640 ರೂಪಾಯಿ.

ಹಾರಾಟದ ಅವಧಿ ಎರಡೂ ಕಾಲು ಗಂಟೆ, ಹಾಗಾಗಿ ಮಿತಿ 10,000. ಮೂಲ ದರಕ್ಕೆ ಇಂಧನ ಶುಲ್ಕ ಸೇರಿಸಿದರೆ 4,650. ಕಡಿಮೆಯಾದದ್ದು ಅದೇ, ಆದ್ದರಿಂದ ಪರಿಹಾರ ಒಬ್ಬರಿಗೆ 4,650. ಹಣ ವಾಪಸ್ ಆಯ್ದುಕೊಂಡರೆ 5,640ಕ್ಕೆ ಇದೂ ಸೇರಿ ಒಬ್ಬರಿಗೆ 10,290 ರೂಪಾಯಿ. ಈ ಮೊತ್ತವೇ ಅಂದಿನ ನಿರ್ಧಾರದ ಗೆರೆ. ಅದೇ ದಿನ ಬೇರೆ ಕಂಪನಿಯ ಟಿಕೆಟ್ 10,290ಕ್ಕಿಂತ ಕಡಿಮೆಗೆ ಸಿಗುವುದಾದರೆ ಹಣ ವಾಪಸ್ ಪಡೆದು ಹೊಸ ಟಿಕೆಟ್ ಕೊಂಡವರಿಗೆ ನಷ್ಟವಿಲ್ಲ, ಸಮಯಕ್ಕೂ ತಲುಪುತ್ತಾರೆ. ಮಗಳು ನೋಡಿದಾಗ ಹತ್ತೂವರೆಯ ವಿಮಾನದಲ್ಲಿ 7,800 ರೂಪಾಯಿಗೆ ಎರಡು ಸೀಟು ಇವೆ ಎಂದುಕೊಳ್ಳಿ. ಇಬ್ಬರಿಗೆ ಇಂದು 15,600 ಖರ್ಚು. ನಂತರ ಬರಬೇಕಾದದ್ದು 20,580. ಮೊದಲು ಕೊಟ್ಟಿದ್ದ 11,280ನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಪ್ರಯಾಣಕ್ಕೆ ತಗುಲಿದ್ದು ಕೊನೆಗೆ 6,300.

ಆದರೆ ಕಾರಣ ಮಂಜು ಎಂದಾದರೆ ಗೆರೆ ಕೆಳಗಿಳಿಯುತ್ತದೆ. ಪರಿಹಾರವಿಲ್ಲ, ವಾಪಸ್ ಬರುವುದು 5,640 ಮಾತ್ರ. ಆಗ 7,800ರ ಟಿಕೆಟಿಗೆ ಒಬ್ಬರಿಗೆ 2,160 ಕೈಯಿಂದ ಹೋಗುತ್ತದೆ. ಗೃಹಪ್ರವೇಶಕ್ಕೆ ಆ ಹಣ ತಕ್ಕುದೇ ಎಂದು ಮನೆಯವರು ತೀರ್ಮಾನಿಸಬೇಕು. ಕಾರಣವನ್ನು ಮೊದಲು ವಿಚಾರಿಸಿ ಎಂದದ್ದು ಇದಕ್ಕೇ. ಇನ್ನು ಎಲ್ಲ ವಿಮಾನಗಳೂ ಒಟ್ಟಿಗೆ ರದ್ದಾಗುವ ದಿನ ದರ ಎಲ್ಲಿಗೋ ಏರಿರುತ್ತದೆ. 2025ರ ಡಿಸೆಂಬರಿನಲ್ಲಿ ಸರ್ಕಾರವೇ ದರಕ್ಕೆ ಮಿತಿ ಹಾಕಬೇಕಾಯಿತು. ಅಂಥ ದಿನ 14,000ದ ಟಿಕೆಟ್ ಕೊಳ್ಳುವುದಕ್ಕಿಂತ ಬದಲಿ ವಿಮಾನ ಹಿಡಿಯುವುದೇ ಲಾಭ. ಅದೆಷ್ಟು ದುಬಾರಿ ಸೀಟಾದರೂ ನಿಮಗೆ ಹೆಚ್ಚುವರಿ ದರ ಇಲ್ಲ.

ಬದಲಿ ವಿಮಾನ ಎಂದರೆ ಕಂಪನಿ ತಾನೇ ಹಾಕಿದ ನಾಳೆಯ ವಿಮಾನವೇ ಆಗಬೇಕಿಲ್ಲ. ‘ಪ್ರಯಾಣಿಕ ಒಪ್ಪುವಂಥ’ ಎಂದೇ ನಿಯಮದಲ್ಲಿದೆ. ಅದೇ ಕಂಪನಿಯ ಮಧ್ಯಾಹ್ನದ ವಿಮಾನ ಆ್ಯಪಿನಲ್ಲಿ ಮಾರಾಟಕ್ಕೆ ಇದ್ದರೆ ಅದರ ಸಂಖ್ಯೆ ಬರೆದುಕೊಂಡು ಕೌಂಟರಿಗೆ ಹೋಗಿ. ‘ಇನ್ಯಾವುದಾದರೂ ಇದೆಯೇ’ ಎಂದು ಕೇಳಿದರೆ ಇಲ್ಲ ಎನ್ನುವುದು ಸುಲಭ. ‘11:40ರ ವಿಮಾನದಲ್ಲಿ ಸೀಟು ಕಾಣುತ್ತಿದೆ, ಇಬ್ಬರನ್ನೂ ಅದಕ್ಕೆ ಹಾಕಿ’ ಎಂದರೆ ಪರದೆ ನೋಡಲೇಬೇಕಾಗುತ್ತದೆ. ಒಬ್ಬರು ಸಾಲಿನಲ್ಲಿರಿ, ಇನ್ನೊಬ್ಬರು ಫೋನಿನಲ್ಲಿರಿ. ಯಾವುದು ಮೊದಲು ಸಿಕ್ಕೀತೋ ಹೇಳಲಾಗದು.

ಕಲಬುರಗಿ, ಬೀದರಿನಿಂದಲೇ ಹೊರಡುವ ವಿಮಾನ ರದ್ದಾದರೆ ಅಂದಿನ ಬದಲಿ ಬಹುತೇಕ ಇರುವುದಿಲ್ಲ. ಹೈದರಾಬಾದಿನಿಂದ ಹೊರಡಿಸಿ ಎಂದು ಕೇಳಬಹುದು. ಅದು ನಿಮ್ಮ ಹಕ್ಕೆಂದು ನಿಯಮದಲ್ಲಿಲ್ಲ. ಕಂಪನಿಗೆ ಅಲ್ಲಿಂದ ವಿಮಾನವಿದ್ದರೆ ಒಪ್ಪುವುದುಂಟು, ಟ್ಯಾಕ್ಸಿ ಖರ್ಚು ಮಾತ್ರ ನಿಮ್ಮದೇ ಆಗಬಹುದು. ಬೆಂಗಳೂರಿಗೆ ಹೋಗುವವರು ನೇರವಾಗಿ ಹಣ ವಾಪಸ್ ಹಾಗೂ ಪರಿಹಾರ ಕೇಳಿ ಸಂಜೆಯ ರೈಲು ಹತ್ತುವುದು ನನ್ನ ಪ್ರಕಾರ ಜಾಣತನ. ಇಲ್ಲಿಂದ ಬೆಂಗಳೂರಿಗೆ ಹೇಗೂ ಒಂದು ರಾತ್ರಿಯ ಪ್ರಯಾಣ.

ಕಲಬುರಗಿ, ಬೀದರಿನಿಂದ ವಿಮಾನದಲ್ಲಿ ಹೊರಟು ಬೆಂಗಳೂರಿನಲ್ಲಿ ಇನ್ನೊಂದು ವಿಮಾನ ಹಿಡಿಯುವವರು ಒಂದು ಮಾತು ಗಮನಿಸಬೇಕು. ಎರಡೂ ವಿಮಾನ ಒಂದೇ ಟಿಕೆಟಿನಲ್ಲಿದ್ದರೆ ಮೊದಲನೆಯದು ರದ್ದಾಗಿ ಎರಡನೆಯದು ತಪ್ಪಿದರೂ ಕಂಪನಿಯ ಹೊಣೆ ಉಳಿಯುತ್ತದೆ. ಅಗ್ಗವೆಂದು ಬೇರೆ ಬೇರೆ ಟಿಕೆಟ್ ಮಾಡಿಸಿದ್ದರೆ ಎರಡನೆಯದರ ನಷ್ಟಕ್ಕೆ ಮೊದಲ ಕಂಪನಿ ಹೊಣೆಯಲ್ಲ. ಹೈದರಾಬಾದಿಗೆ ಬಂದ ರೈಲಿನ, ಬಸ್ಸಿನ ಖರ್ಚಿಗೂ ಡಿಜಿಸಿಎ ನಿಯಮದಲ್ಲಿ ಜಾಗವಿಲ್ಲ. ಅದನ್ನು ಕೇಳುವುದಾದರೆ ಗ್ರಾಹಕ ಆಯೋಗದಲ್ಲೇ ಕೇಳಬೇಕು.

ಹೋಗಿ ಬರುವ ಎರಡೂ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿದ್ದರೆ ಲಿಂಕಿನಲ್ಲಿ ‘ರದ್ದು ಮಾಡಿ’ ಎಂದು ಒತ್ತಿದಾಗ ಬರುವ ಟಿಕೆಟೂ ಹೋಗಿಬಿಡಬಹುದು. ಇಂಥಲ್ಲಿ ಕೌಂಟರಿಗೆ ಹೋಗಿ, ಹೋಗುವ ಭಾಗಕ್ಕೆ ಮಾತ್ರ ಹಣ ವಾಪಸ್, ಬರುವುದು ಹಾಗೆಯೇ ಇರಲಿ ಎಂದು ಹೇಳಿ. ಬದಲಾದ ಟಿಕೆಟ್ ಇಮೇಲಿಗೆ ಬಂದದ್ದನ್ನು ನೋಡದೆ ಅಲ್ಲಿಂದ ಕದಲಬೇಡಿ.

ಊಟ ಮತ್ತು ತಂಗುವ ವ್ಯವಸ್ಥೆ

ವಿಮಾನ ನಿಲ್ದಾಣಕ್ಕೆ ಬಂದು ಹಾಜರಾಗಿ, ಬದಲಿ ವಿಮಾನಕ್ಕೆ ಕಾಯುತ್ತಿರುವವರಿಗೆ ಕಾಯುವ ಹೊತ್ತಿಗೆ ತಕ್ಕಂತೆ ಊಟ, ಉಪಾಹಾರ ಕೊಡಬೇಕು. ಹಣ ವಾಪಸ್ ಪಡೆದು ಹೊರಟವರಿಗೆ ಇದು ಅನ್ವಯಿಸದು. ಹೋಟೆಲಿನಲ್ಲೇ ಸಂದೇಶ ಸಿಕ್ಕು ನಿಲ್ದಾಣಕ್ಕೆ ಬರದೇ ಇದ್ದವರಿಗೂ ಇಲ್ಲ. ನಮ್ಮ ದಂಪತಿ ಟ್ಯಾಕ್ಸಿಯಿಂದ ಇಳಿದು ಕೌಂಟರಿಗೆ ಹೋಗಿ ತಾವು ಬಂದಿದ್ದೇವೆಂದು ದಾಖಲಿಸಬೇಕು. ಬೋರ್ಡಿಂಗ್ ಪಾಸ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕೌಂಟರಿನ ಮುಂದೆ ನಿಂತ ಫೋಟೊ ಆದರೂ ಇರಲಿ.

ಊಟ ಸಾಮಾನ್ಯವಾಗಿ ಕೂಪನ್ ರೂಪದಲ್ಲಿ ಬರುತ್ತದೆ, ಅದೂ ಕೇಳಿದವರಿಗೆ. ಯಾರೂ ಕರೆದು ಕೊಡುವುದಿಲ್ಲ. ಕೂಪನ್ ನಿರಾಕರಿಸಿದರೆ ಸ್ವಂತ ಹಣದಲ್ಲಿ ತಿಂದು ಬಿಲ್ ಇಟ್ಟುಕೊಂಡು ನಂತರ ಕೇಳಿ. ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೊರಡುವ ನಮ್ಮವರಿಗೆ ಊಟದ ತೊಂದರೆ ಆಗುವುದು ಕಡಿಮೆ. ಆದರೆ ರೊಟ್ಟಿಯ ಗಂಟಿಗೆ ಬಿಲ್ ಇರುವುದಿಲ್ಲವಲ್ಲ!

ಹೋಟೆಲ್ ವಾಸದ ಮಾತು ನಿಯಮದಲ್ಲಿ ಸ್ಪಷ್ಟವಾಗಿ ಬರುವುದು ವಿಳಂಬದ ಭಾಗದಲ್ಲಿ. ವಿಳಂಬ 24 ಗಂಟೆ ಮೀರಿದರೆ, ಅಥವಾ ರಾತ್ರಿ 8ರಿಂದ ಬೆಳಗಿನ ಜಾವ 3ರ ನಡುವೆ ಹೊರಡಬೇಕಿದ್ದ ವಿಮಾನ 6 ಗಂಟೆಗೂ ಹೆಚ್ಚು ತಡವಾದರೆ, ತಂಗುವ ವ್ಯವಸ್ಥೆ ಮತ್ತು ಹೋಗಿಬರುವ ವಾಹನ ಕೊಡಬೇಕು. ರದ್ದಾದ ವಿಮಾನಕ್ಕೆ ಬದಲಿಯಾಗಿ ಮರುದಿನದ ವಿಮಾನ ಕೊಟ್ಟವರನ್ನೂ ಇದೇ ಆಧಾರದಲ್ಲಿ ಕೇಳಿ. ಕೊಡುವವರು ಇದ್ದಾರೆ, ವಾದ ಮಾಡುವವರೂ ಇದ್ದಾರೆ. ಕೇಳುವಾಗ ‘ನಾವು ಯಾದಗಿರಿಯಿಂದ ಬಂದವರು, ಈ ಊರಿನಲ್ಲಿ ಮನೆಯಿಲ್ಲ’ ಎಂದು ಮೊದಲೇ ಹೇಳಿ. ಹೈದರಾಬಾದಿನವರೆಂದು ಭಾವಿಸಿ ಮನೆಗೆ ಹೋಗಿ ಎನ್ನುವುದು ಅವರ ರೂಢಿ.

ಹಣ ಹೇಗೆ ವಾಪಸ್ ಬರುತ್ತದೆ

ಕಾರ್ಡಿನಿಂದ ನೇರವಾಗಿ ಕಂಪನಿಗೆ ಕೊಟ್ಟಿದ್ದರೆ 7 ದಿನದೊಳಗೆ ಅದೇ ಕಾರ್ಡಿಗೆ ಬರಬೇಕು. ಕಂಪನಿಯ ಕಚೇರಿಯಲ್ಲಿ ನಗದು ಕೊಟ್ಟು ಕೊಂಡಿದ್ದರೆ ಕೂಡಲೇ ನಗದು ಕೊಡಬೇಕು. ಏಜೆಂಟರ ಮೂಲಕ ಮಾಡಿಸಿದ್ದರೆ ಹಣ ಮೊದಲು ಏಜೆಂಟರ ಖಾತೆಗೆ ಹೋಗುತ್ತದೆ. ‘ಕಂಪನಿಯಿಂದ ಇನ್ನೂ ಬಂದಿಲ್ಲ’ ಎಂದು ಏಜೆಂಟ್, ‘ನಾವು ಏಜೆಂಟರಿಗೆ ಕಳಿಸಿದ್ದೇವೆ’ ಎಂದು ಕಂಪನಿ ಹೇಳುವ ಆಟದಲ್ಲಿ ಪ್ರಯಾಣಿಕ ಚೆಂಡಾಗುತ್ತಾನೆ. ಏಜೆಂಟ್ ಕಂಪನಿಯ ಪ್ರತಿನಿಧಿಯೇ ಆದ್ದರಿಂದ ಹಣ ತಲುಪಿಸುವ ಹೊಣೆ ಕಂಪನಿಯದು ಎಂದು ಹಣ ವಾಪಸಿನ ನಿಯಮ ಹೇಳುತ್ತದೆ. ಹಣ ಕಳಿಸಿದ ದಿನಾಂಕ, ಮೊತ್ತ ಎರಡನ್ನೂ ಕಂಪನಿಯಿಂದ ಇಮೇಲಿನಲ್ಲಿ ತರಿಸಿಕೊಂಡು ಏಜೆಂಟರ ಮುಂದಿಟ್ಟರೆ ಮಾತು ಮುಗಿಯುತ್ತದೆ.

‘ನಿಮ್ಮದು ಹಣ ವಾಪಸ್ ಇಲ್ಲದ ಟಿಕೆಟ್’ ಎಂಬ ಮಾತು ನೀವು ರದ್ದು ಮಾಡಿದಾಗ ಮಾತ್ರ ಸಲ್ಲುತ್ತದೆ. ಕಂಪನಿ ರದ್ದು ಮಾಡಿದಾಗ ಅದಕ್ಕೆ ಅರ್ಥವಿಲ್ಲ. ಹಾಗೆಯೇ ಹಣದ ಬದಲು ಮುಂದಿನ ಪ್ರಯಾಣಕ್ಕೆ ಜಮೆ ಇಡುತ್ತೇವೆ ಎಂದರೆ ಬೇಡ ಎನ್ನುವ ಹಕ್ಕು ನಿಮಗಿದೆ. ಪರಿಹಾರವನ್ನೂ ನಗದು ಅಥವಾ ಬ್ಯಾಂಕ್ ಜಮೆಯಾಗಿ ಕೊಡಬೇಕು. ಪ್ರಯಾಣದ ವೋಚರ್ ಕೊಡುವುದಾದರೆ ನಿಮ್ಮ ಸಹಿಯ ಒಪ್ಪಿಗೆ ಬೇಕು. ಕೌಂಟರಿನಲ್ಲಿ ಸಹಿ ಮಾಡಿ ಎಂದು ಕಾಗದ ಕೊಟ್ಟರೆ ಓದದೆ ಸಹಿ ಹಾಕಬೇಡಿ. ವರ್ಷಕ್ಕೊಮ್ಮೆ ವಿಮಾನ ಹತ್ತುವವರಿಗೆ ವೋಚರ್ ಅವಧಿ ಮುಗಿದು ಕಸವಾಗುವುದೇ ಹೆಚ್ಚು.

ಇಟ್ಟುಕೊಳ್ಳಬೇಕಾದ ಕಾಗದಗಳು

ದರದ ವಿವರವಿರುವ ಟಿಕೆಟ್ ಮೊದಲನೆಯದು. ಏಜೆಂಟರು ಕೊಡುವ ಮುದ್ರಿತ ಪ್ರತಿಯಲ್ಲಿ ಬರೀ ಒಟ್ಟು ಮೊತ್ತ ಇರುತ್ತದೆ, ಕೆಲವೊಮ್ಮೆ ಅದೂ ಇರುವುದಿಲ್ಲ. ಮೂಲ ದರ ಗೊತ್ತಿಲ್ಲದೆ ಪರಿಹಾರದ ಲೆಕ್ಕ ಹಾಕಲಾಗದು, ಹಾಗಾಗಿ ಕಂಪನಿಯ ವೆಬ್‌ಸೈಟಿನಿಂದ ಬಿಲ್ ಇಳಿಸಿಕೊಳ್ಳಿ. ಅದರ ಜೊತೆ ರದ್ದಾದ ಸಂದೇಶ ಮತ್ತು ಇಮೇಲ್, ಬೋರ್ಡಿಂಗ್ ಪಾಸ್, ರದ್ದಾದ ಪ್ರಮಾಣಪತ್ರ, ಫಲಕದ ಫೋಟೊ. ಬ್ಯಾಗು ಆಗಲೇ ಒಳಗೆ ಹೋಗಿದ್ದರೆ ಅದರ ಚೀಟಿಯನ್ನು ಬ್ಯಾಗು ಕೈಗೆ ಬಂದ ಮೇಲೂ ಎಸೆಯಬೇಡಿ. ನೀವು ನಿಲ್ದಾಣಕ್ಕೆ ಬಂದಿದ್ದಿರಿ ಎಂಬುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಕಡಿಮೆ.

ಹೊಸ ಟಿಕೆಟ್ ಕೊಂಡಿದ್ದರೆ ಅದರ ಬಿಲ್, ಊಟ, ಹೋಟೆಲ್, ಟ್ಯಾಕ್ಸಿಯ ಬಿಲ್, ಬಂದ ರೈಲಿನ ಟಿಕೆಟ್ ಇವೆಲ್ಲ ಒಂದೇ ಲಕೋಟೆಯಲ್ಲಿ ಇರಲಿ. ಯಾರೊಡನೆ, ಎಷ್ಟು ಹೊತ್ತಿಗೆ, ಏನು ಮಾತಾಯಿತು ಎಂಬುದನ್ನು ಅಂದೇ ನಾಲ್ಕು ಸಾಲು ಬರೆದಿಡಿ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಕೊಟ್ಟ ಭರವಸೆಯನ್ನು ಅಲ್ಲೇ ನಿಂತು ಕಂಪನಿಯ ಇಮೇಲಿಗೆ ಬರೆದು ಕಳಿಸಿ.

ದೂರು ಬರೆಯುವುದು

ಮೊದಲು ಕಂಪನಿಗೆ. ಸಿಟ್ಟಿನ ಉದ್ದ ಪತ್ರ ಬೇಡ, ಹೀಗೆ ಬರೆದರೆ ಸಾಕು:

‘ಪಿಎನ್‌ಆರ್ ಇಷ್ಟು, ವಿಮಾನ ಸಂಖ್ಯೆ ಇಷ್ಟು, ದಿನಾಂಕ ಇದು, ಹೈದರಾಬಾದಿನಿಂದ ದೆಹಲಿಗೆ. ಹೊರಡಬೇಕಿದ್ದ ಸಮಯ 6:10. ರದ್ದಾದ ಸಂದೇಶ ಅದೇ ದಿನ 3:10ಕ್ಕೆ ಬಂದಿದೆ. ಬದಲಿ ವಿಮಾನವನ್ನು ನಾವು ಒಪ್ಪಿಲ್ಲ. ಇಬ್ಬರು ಪ್ರಯಾಣಿಕರ ಪೂರ್ತಿ ಟಿಕೆಟ್ ಹಣ 11,280 ರೂಪಾಯಿ, ಡಿಜಿಸಿಎ ಸೆಕ್ಷನ್ 3, ಸೀರೀಸ್ ಎಂ, ಪಾರ್ಟ್ 4ರ ಪ್ರಕಾರ ಪರಿಹಾರ 9,300 ರೂಪಾಯಿ ಕೊಡಬೇಕು. ವೋಚರ್‌ಗೆ ಒಪ್ಪಿಗೆಯಿಲ್ಲ. ಪರಿಹಾರ ಅನ್ವಯಿಸದು ಎನ್ನುವುದಾದರೆ ಕಾರಣವನ್ನು ಬರೆದು ತಿಳಿಸಿ.’

ಕೊನೆಯ ವಾಕ್ಯ ಬಿಡಬೇಡಿ. ಉತ್ತರ ಬಾರದಿದ್ದರೆ ಅಥವಾ ಹಾರಿಕೆಯ ಉತ್ತರ ಬಂದರೆ ಕಂಪನಿಯ ನೋಡಲ್ ಅಧಿಕಾರಿಗೆ, ನಂತರ ಮೇಲ್ಮನವಿ ಅಧಿಕಾರಿಗೆ ಅದೇ ಇಮೇಲ್ ಮುಂದುವರಿಸಿ. ಇವರ ವಿಳಾಸ ಪ್ರತಿ ಕಂಪನಿಯ ವೆಬ್‌ಸೈಟಿನಲ್ಲಿರುತ್ತದೆ. ಜೊತೆಗೆ ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾ ಆ್ಯಪಿನಲ್ಲಿ ಅಥವಾ airsewa.gov.in ತಾಣದಲ್ಲಿ ದೂರು ದಾಖಲಿಸಿ, ಕಾಗದಗಳನ್ನು ಸೇರಿಸಿ. ಏರ್‌ಸೇವಾದಲ್ಲಿ ದೂರು ಬಿದ್ದ ಮೇಲೆ ಕಂಪನಿಗಳು ಅದನ್ನು ಸುಲಭವಾಗಿ ಬದಿಗಿಡುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು.

ಅಲ್ಲಿಗೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕಂಪನಿಯ ಮುಖ್ಯ ಕಚೇರಿ ಗುರುಗ್ರಾಮದಲ್ಲೋ ಮುಂಬೈಯಲ್ಲೋ ಇದ್ದರೂ ನೀವು ಅಲ್ಲಿಗೆ ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ವಾಸವಿರುವ ಊರಿನ ವ್ಯಾಪ್ತಿಯ ಆಯೋಗದಲ್ಲೇ ದೂರು ಕೊಡಬಹುದು. ಕಲಬುರಗಿಯವರು ಕಲಬುರಗಿಯಲ್ಲೇ ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಆನ್‌ಲೈನ್‌ನಲ್ಲಿ ಇ-ಜಾಗೃತಿ ತಾಣದ ಮೂಲಕವೂ ಸಲ್ಲಿಸಬಹುದು. ಇಲ್ಲಿ ಟಿಕೆಟಿನ ಹಣ, ಪರಿಹಾರಗಳ ಜೊತೆ ದುಬಾರಿ ಹೊಸ ಟಿಕೆಟಿನ ವ್ಯತ್ಯಾಸ, ಹೋಟೆಲ್, ರೈಲು, ಮಾನಸಿಕ ಯಾತನೆ, ದಾವೆಯ ಖರ್ಚನ್ನೂ ಕೇಳಬಹುದು. ಎಷ್ಟು ಕೊಡಿಸಬೇಕೆಂಬುದು ಆಯೋಗಕ್ಕೆ ಬಿಟ್ಟದ್ದು; ಬಿಲ್ಲಿಲ್ಲದ ಖರ್ಚು ಅಲ್ಲಿ ನಿಲ್ಲುವುದಿಲ್ಲ.

ದೂರಿಗೆ ಅವಧಿ ಎರಡು ವರ್ಷ. ಅಷ್ಟು ಕಾಲ ಊಟದ, ಟ್ಯಾಕ್ಸಿಯ ಬಿಲ್ಲುಗಳು ಉಳಿಯುವುದಿಲ್ಲ. ಶಾಖದಿಂದ ಅಚ್ಚಾಗುವ ಬಿಲ್ ಕಾಗದದ ಮೇಲೆ ಮೂಡಿದ ಅಕ್ಷರ ನಮ್ಮ ಬೇಸಿಗೆಯಲ್ಲಿ ಕೆಲವೇ ತಿಂಗಳಲ್ಲಿ ಮಾಸಿ ಬಿಳಿಯಾಗುತ್ತದೆ. ಊರು ಸೇರಿದ ವಾರದಲ್ಲೇ ಎಲ್ಲವನ್ನೂ ಝೆರಾಕ್ಸ್ ಮಾಡಿಸಿ, ಮೂಲದ ಜೊತೆ ಪಿನ್ ಹಾಕಿಡಿ.